ಮೊಬೈಲ್ ಎಡಿಟರಿನಲ್ಲಿ ಕನ್ನಡ ಕ್ಯಾಪ್ಷನ್ ಟೆಂಪ್ಲೇಟ್: ಪ್ರಿಸೆಟ್ ಸಾಕೇ, ಮೂಲ ಪ್ರಾಜೆಕ್ಟ್ ಬೇಕೇ?

ಮೊಬೈಲಿನಲ್ಲೇ ಕಂತುಕಂತಾಗಿ ವೀಡಿಯೊ ಮಾಡುವವರು ಕ್ಯಾಪ್ಷನ್‌ನ ರೂಪವನ್ನು ಪ್ರತಿಸಲವೂ ಹೊಸದಾಗಿ ಹೊಂದಿಸಿದರೆ, ನಾಲ್ಕಾರು ಕಂತುಗಳಾಗುವಷ್ಟರಲ್ಲಿ ಅಕ್ಷರದ ಗಾತ್ರ ಒಂದಿಷ್ಟು ಹಿಗ್ಗಿರುತ್ತದೆ, ಹಳದಿ ಬಣ್ಣ ಕಿತ್ತಳೆಯತ್ತ ಸರಿದಿರುತ್ತದೆ, ಸಾಲು ಪರದೆಯ ಮೇಲಕ್ಕೋ ಕೆಳಕ್ಕೋ ಜರುಗಿರುತ್ತದೆ. ಇದನ್ನು ತಡೆಯಲು ಮೊಬೈಲ್ ಎಡಿಟರುಗಳಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಒಮ್ಮೆ ಹೊಂದಿಸಿದ ಅಕ್ಷರಶೈಲಿಯನ್ನು ಆ್ಯಪಿನೊಳಗೇ ಪ್ರಿಸೆಟ್ ಆಗಿ ಉಳಿಸಿಡುವುದು ಮೊದಲನೆಯದು. ಎಲ್ಲ ಬಗೆಯ ಕ್ಯಾಪ್ಷನ್‌ಗಳ ಮಾದರಿಯಿರುವ ಒಂದು ಮೂಲ ಪ್ರಾಜೆಕ್ಟ್ ಮಾಡಿಟ್ಟು, ಪ್ರತಿ ಕಂತಿಗೂ ಅದರ ನಕಲು ತೆಗೆದುಕೊಳ್ಳುವುದು ಎರಡನೆಯದು. ಅಕ್ಷರಗಳನ್ನು ಬೇರೆಡೆ ಸಿದ್ಧಪಡಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ವೀಡಿಯೊದ ಮೇಲೆ ಕೂರಿಸುವುದು ಮೂರನೆಯದು.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಆಯಾ ವಿಧಾನವು ಏನನ್ನು ನೆನಪಿಟ್ಟುಕೊಳ್ಳುತ್ತದೆ, ಏನನ್ನು ಕೈಬಿಡುತ್ತದೆ ಎಂಬುದರ ಮೇಲೆ ನಿಂತಿದೆ. ಆದರೆ ಕನ್ನಡದಲ್ಲಿ ಕ್ಯಾಪ್ಷನ್ ಬರೆಯುವವರು ಅದಕ್ಕೂ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ: ತಾವು ಬಳಸುವ ಎಡಿಟರ್ ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆಯೇ, ಮತ್ತು ಆಯ್ದ ಫಾಂಟನ್ನು ನಿಜವಾಗಿ ಬಳಸುತ್ತದೆಯೇ ಎಂಬುದು.

ಮೊದಲು ಫಾಂಟಿನ ಪರೀಕ್ಷೆ

ಎಡಿಟರಿನಲ್ಲಿ ಒಂದು ಖಾಲಿ ಪ್ರಾಜೆಕ್ಟ್ ತೆರೆದು, ಪಠ್ಯದ ಲೇಯರಿನಲ್ಲಿ ಈ ಸಾಲನ್ನು ಬರೆಯಿರಿ:

```
ಸ್ತ್ರೀ ರಾಷ್ಟ್ರ ಅರ್ಘ್ಯ ಜ್ಞಾನ ಕೃಷ್ಣ ಸಾಫ್ಟ್‌ವೇರ್ 123 ABC
```

ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ, ಅರ್ಧಾಕ್ಷರಗಳಾಗಿ ಒಂದರ ಪಕ್ಕ ಒಂದು ನಿಂತರೆ, ಅಥವಾ ಎಲ್ಲಿಯಾದರೂ ಚುಕ್ಕಿಗಳ ವೃತ್ತ ಕಾಣಿಸಿಕೊಂಡರೆ, ಆ ಎಡಿಟರಿನ ಅಕ್ಷರಜೋಡಣೆಯೋ ಆ ಫಾಂಟೋ ಕನ್ನಡಕ್ಕೆ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಫಾಂಟ್ ಬದಲಿಸಿದ ಕೂಡಲೇ ಸರಿಹೋದರೆ ದೋಷ ಫಾಂಟಿನದು. ಯಾವ ಫಾಂಟಿನಲ್ಲೂ ಸರಿಹೋಗದಿದ್ದರೆ ದೋಷ ಎಡಿಟರಿನದು, ಮತ್ತು ಆಗ ಮೊದಲೆರಡು ದಾರಿಗಳು ಮುಚ್ಚಿದಂತೆಯೇ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯವಾದದ್ದು, ಏಕೆಂದರೆ ಅದರಲ್ಲಿ ಸಿಗುವ ದೋಷ ಕಣ್ಣಿಗೆ ಬೇಗ ಬೀಳುವುದಿಲ್ಲ. ಅದೇ ಸಾಲಿಗೆ ಎಡಿಟರ್ ಕೊಡುವ ಐದಾರು ಫಾಂಟುಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡಿ. ಕೊನೆಯಲ್ಲಿರುವ ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಬದಲಾಗುತ್ತ ಹೋಗಿ, ಕನ್ನಡದ ಭಾಗ ಮಾತ್ರ ಇದ್ದ ಹಾಗೆಯೇ ಉಳಿದರೆ, ಆ ಫಾಂಟುಗಳಲ್ಲಿ ಕನ್ನಡವೇ ಇಲ್ಲ ಎಂದರ್ಥ. ಕನ್ನಡದ ಭಾಗವನ್ನು ಫೋನು ತನ್ನದೇ ಫಾಂಟಿನಿಂದ ತುಂಬಿಕೊಡುತ್ತಿರುತ್ತದೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅದು ಸಾಮಾನ್ಯವಾಗಿ ನೋಟೊ ಕುಟುಂಬದ ಕನ್ನಡ ಫಾಂಟ್ ಆಗಿರುತ್ತದೆ, ಆದರೆ ಎಲ್ಲ ಫೋನುಗಳಲ್ಲೂ ಅದು ಒಂದೇ ಆಗಿರುತ್ತದೆ ಎನ್ನಲಾಗದು. ಇಂತಹ ಫಾಂಟಿನ ಮೇಲೆ ಟೆಂಪ್ಲೇಟ್ ಕಟ್ಟಿದರೆ, ಫೋನ್ ಬದಲಿಸಿದ ದಿನ ಅಕ್ಷರಗಳ ಅಗಲವೂ ದಪ್ಪವೂ ಬದಲಾಗಿ, ಒಂದು ಸಾಲಿನಲ್ಲಿ ಹಿಡಿಯುತ್ತಿದ್ದ ಮಾತು ಎರಡು ಸಾಲಿಗೆ ಒಡೆಯಬಹುದು.

ಆದ್ದರಿಂದ ಹೊರಗಿನ ಫಾಂಟ್ ಫೈಲನ್ನು ಸೇರಿಸಲು ಬಿಡುವ ಎಡಿಟರನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ ಮುಂತಾದ ಫಾಂಟುಗಳು ಗೂಗಲ್ ಫಾಂಟ್ಸ್ ತಾಣದಲ್ಲಿ ಮುಕ್ತ ಪರವಾನಗಿಯೊಡನೆ ಸಿಗುತ್ತವೆ. ಅಲ್ಲಿಂದ ಇಳಿಸಿದ ಜಿಪ್ ಫೈಲಿನಲ್ಲಿ ಒಂದೇ ಫೈಲಿನೊಳಗೆ ಎಲ್ಲ ದಪ್ಪಗಳನ್ನೂ ಅಡಗಿಸಿಕೊಂಡ ವೇರಿಯಬಲ್ ಫಾಂಟ್ ಇರುತ್ತದೆ. ಅದರ ಜೊತೆಗೆ `static` ಎಂಬ ಫೋಲ್ಡರಿನಲ್ಲಿ ಪ್ರತಿ ದಪ್ಪಕ್ಕೂ ಬೇರೆ ಬೇರೆ ಫೈಲುಗಳಿರುತ್ತವೆ. ಮೊಬೈಲ್ ಎಡಿಟರಿಗೆ ಸೇರಿಸಬೇಕಾದದ್ದು ಈ ಎರಡನೆಯ ಗುಂಪಿನ `NotoSansKannada-Bold.ttf` ನಂತಹ ಫೈಲು. ವೇರಿಯಬಲ್ ಫೈಲನ್ನು ಸೇರಿಸಿದರೆ ಹಲವು ಎಡಿಟರುಗಳು ಅದರ ಮೂಲ ದಪ್ಪವೊಂದನ್ನೇ ತೋರಿಸುತ್ತವೆ, ಮತ್ತು ಔಟ್‌ಲೈನ್ ಹಾಕಿದಾಗ ಕೆಲವೊಮ್ಮೆ ಅಕ್ಷರದ ಒಳಗೇ ಅಡ್ಡಗೆರೆಗಳು ಮೂಡುತ್ತವೆ. ದಪ್ಪ ಬೇಕೆಂದು ಎಡಿಟರಿನ ಬಿ ಗುಂಡಿ ಒತ್ತುವುದೂ ಒಳ್ಳೆಯದಲ್ಲ. ದಪ್ಪ ಅಕ್ಷರದ ಫೈಲಿಲ್ಲದಿದ್ದಾಗ ಆ ಗುಂಡಿ ಇರುವ ಅಕ್ಷರವನ್ನೇ ಸುತ್ತಲೂ ಊದಿಸುತ್ತದೆಯಾದ್ದರಿಂದ, ಕನ್ನಡ ಅಕ್ಷರಗಳ ಒಳಗಿನ ಕಿರಿದಾದ ಬಯಲುಗಳು ಮುಚ್ಚಿಹೋಗಿ ಚಿಕ್ಕ ಪರದೆಯಲ್ಲಿ ಓದು ಕಷ್ಟವಾಗುತ್ತದೆ. ಹಳೆಯ ನುಡಿ, ಬರಹ ಕಾಲದ ಯೂನಿಕೋಡ್ ಅಲ್ಲದ ಫಾಂಟುಗಳು ಎಷ್ಟೇ ಸುಂದರವಾಗಿದ್ದರೂ, ಫೋನಿನ ಕೀಲಿಮಣೆಯಿಂದ ಬರೆದ ಯೂನಿಕೋಡ್ ಪಠ್ಯಕ್ಕೆ ಅವು ಹೊಂದುವುದಿಲ್ಲ.

ಪ್ರಿಸೆಟ್: ಬಟ್ಟೆ ನೆನಪಿರುತ್ತದೆ, ಜಾಗ ನೆನಪಿರುವುದಿಲ್ಲ

ಪ್ರಿಸೆಟ್ ಎಲ್ಲಕ್ಕಿಂತ ಸುಲಭವಾದ ದಾರಿ. ಒಂದು ಕ್ಯಾಪ್ಷನ್‌ಗೆ ಫಾಂಟ್, ಬಣ್ಣ, ಔಟ್‌ಲೈನ್, ನೆರಳು, ಹಿಂಬದಿಯ ಪಟ್ಟಿ ಎಲ್ಲವನ್ನೂ ಹೊಂದಿಸಿ, ಅದನ್ನು ಉಳಿಸಿಟ್ಟುಕೊಂಡರೆ, ಮುಂದೆ ಯಾವ ಪ್ರಾಜೆಕ್ಟಿನಲ್ಲಾದರೂ ಒಂದು ಒತ್ತಿಗೆ ಅದೇ ಶೈಲಿ ಬರುತ್ತದೆ. ಈ ಸೌಲಭ್ಯ ಎಲ್ಲ ಎಡಿಟರುಗಳಲ್ಲಿಲ್ಲ. ಕೆಲವುಗಳಲ್ಲಿ ಹಣ ಕೊಟ್ಟವರಿಗೆ ಮಾತ್ರ ಇರುತ್ತದೆ. ಇರುವೆಡೆಯಲ್ಲೂ ಅದು ಅಕ್ಷರದ ನಿಖರ ಗಾತ್ರವನ್ನೂ ಪರದೆಯ ಮೇಲಿನ ಸ್ಥಾನವನ್ನೂ ಉಳಿಸುತ್ತದೆಯೇ ಎಂಬುದನ್ನು ಊಹಿಸದೆ ಪರೀಕ್ಷಿಸಿಯೇ ತಿಳಿದುಕೊಳ್ಳಬೇಕು. ಕ್ಯಾಪ್ಷನನ್ನು ಪರದೆಯ ಒಂದು ಮೂಲೆಗೆ ಒಯ್ದು, ಎರಡು ಬೆರಳಿನಿಂದ ಹಿಗ್ಗಿಸಿ, ಪ್ರಿಸೆಟ್ ಆಗಿ ಉಳಿಸಿ, ಬೇರೊಂದು ಪ್ರಾಜೆಕ್ಟಿನಲ್ಲಿ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಬೆರಳಿನಿಂದ ಹಿಗ್ಗಿಸಿದ ಗಾತ್ರವನ್ನು ಎಡಿಟರುಗಳು ಬಹಳ ಸಲ ಶೈಲಿಯ ಭಾಗವಾಗಿ ಅಲ್ಲ, ಲೇಯರಿನ ಗುಣವಾಗಿ ಎಣಿಸುತ್ತವೆ. ಹಾಗಾಗಿ ಅದು ಪ್ರಿಸೆಟ್‌ನೊಳಗೆ ಹೋಗುವುದಿಲ್ಲ.

ಇನ್ನೊಂದು ಮಿತಿಯೆಂದರೆ, ಪ್ರಿಸೆಟ್ ಸಾಮಾನ್ಯವಾಗಿ ಒಂದು ನಕಲು ಮಾತ್ರ. ಇಂದು ಪ್ರಿಸೆಟ್‌ನ ಹಳದಿಯನ್ನು ಬದಲಿಸಿದರೆ, ಈಗಾಗಲೇ ಟೈಮ್‌ಲೈನಿನಲ್ಲಿ ಕುಳಿತಿರುವ ಕ್ಯಾಪ್ಷನ್‌ಗಳು ತಾವಾಗಿ ಬದಲಾಗುವುದಿಲ್ಲ. ಅದರ ಜೊತೆಗೆ ಪ್ರಿಸೆಟ್‌ಗಳೂ ಸೇರಿಸಿದ ಫಾಂಟುಗಳೂ ಬಹುಮಟ್ಟಿಗೆ ಆ್ಯಪಿನ ಸ್ವಂತ ಜಾಗದಲ್ಲೇ ಇರುವುದರಿಂದ, ಆ್ಯಪನ್ನು ಅಳಿಸಿದರೆ ಅವೂ ಹೋಗುತ್ತವೆ.

ಇಷ್ಟಾದರೂ ಪ್ರಿಸೆಟ್ ನಿಜವಾಗಿ ಗೆಲ್ಲುವ ಸಂದರ್ಭವೊಂದಿದೆ. ಒಂದೇ ಸರಣಿಯನ್ನು ಕೆಲವೊಮ್ಮೆ ಉದ್ದದ 9:16 ಚೌಕಟ್ಟಿನಲ್ಲೂ, ಕೆಲವೊಮ್ಮೆ ಅಡ್ಡದ 16:9 ಚೌಕಟ್ಟಿನಲ್ಲೂ ಮಾಡುವವರಿಗೆ ಸ್ಥಾನ ಹೇಗೂ ಬದಲಾಗುತ್ತದೆ. ಅವರಿಗೆ ಫಾಂಟೂ ಬಣ್ಣವೂ ಒಂದೇ ಆಗಿದ್ದರೆ ಸಾಕು. ಅಂಥವರು ಪ್ರಿಸೆಟ್‌ನಿಂದಲೇ ಕೆಲಸ ಸಾಗಿಸಬಹುದು.

ಮೂಲ ಪ್ರಾಜೆಕ್ಟ್: ಒಂದು ಉದಾಹರಣೆಯೊಡನೆ

ಒಂದೇ ಚೌಕಟ್ಟಿನಲ್ಲಿ ನಿಯಮಿತವಾಗಿ ವೀಡಿಯೊ ಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸ್ಥಾನ, ಗಾತ್ರ, ಚಲನೆ, ಲೇಯರುಗಳ ಕ್ರಮ ಎಲ್ಲವೂ ಇದರಲ್ಲಿ ಉಳಿಯುತ್ತವೆ. ಪ್ರಾಜೆಕ್ಟನ್ನು ನಕಲು ಮಾಡುವ ಸೌಲಭ್ಯವಂತೂ ಬಹುಪಾಲು ಎಡಿಟರುಗಳಲ್ಲಿ ಉಚಿತವಾಗಿಯೇ ಇರುತ್ತದೆ. ಸೈಕಲ್ ದುರಸ್ತಿ ಕಲಿಸುವ ಕಿರುವೀಡಿಯೊ ಸರಣಿಯೊಂದನ್ನು ಉದಾಹರಣೆಗೆ ತೆಗೆದುಕೊಂಡು, ಅದಕ್ಕೆ ಮೂಲ ಪ್ರಾಜೆಕ್ಟ್ ಕಟ್ಟುವ ಬಗೆಯನ್ನು ನೋಡೋಣ. ಚೌಕಟ್ಟು 1080×1920. ಬೇಕಾದ ಕ್ಯಾಪ್ಷನ್ ಬಗೆಗಳು ಎರಡು: ಮಾತಿಗೆ ಜೊತೆಯಾಗಿ ಓಡುವ ಸಾಲು, ಮತ್ತು "ಹಂತ 2: ಚೈನ್ ಬಿಗಿ ಮಾಡುವುದು" ಎಂಬಂತಹ ಹಂತದ ಶೀರ್ಷಿಕೆ.

ಮೊದಲು ಬಣ್ಣ. ಓಡುವ ಸಾಲಿಗೆ ಬಿಳಿ ಅಕ್ಷರ, ಅಂದರೆ `#FFFFFF`. ಅದರ ಹಿಂದೆ ಕಪ್ಪು ಪಟ್ಟಿ, `#000000`. ಮುಖ್ಯ ಪದಕ್ಕೂ ಶೀರ್ಷಿಕೆಗೂ ಹಳದಿ, `#FFD54F`. ಬಣ್ಣಗಳನ್ನು ವೃತ್ತದ ಮೇಲೆ ಬೆರಳಿಟ್ಟು ಆರಿಸದೆ, ಈ ಸಂಕೇತಗಳನ್ನು ಬರೆದೇ ಕೊಡಬೇಕು. ವೀಡಿಯೊದ ಫ್ರೇಮಿನಿಂದ ಬಣ್ಣ ಎತ್ತಿಕೊಳ್ಳುವ ಸಲಕರಣೆಯನ್ನೂ ಇಲ್ಲಿ ನಂಬಬಾರದು, ಏಕೆಂದರೆ ಕುಗ್ಗಿಸಿದ ವೀಡಿಯೊದಲ್ಲಿ ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಒಂದೇ ಆಗಿರುವುದಿಲ್ಲ, ಬೆರಳು ಕೂದಲೆಳೆಯಷ್ಟು ಜರುಗಿದರೂ ಬೇರೆ ಸಂಕೇತ ಸಿಗುತ್ತದೆ.

ಕಪ್ಪು ಪಟ್ಟಿ ಎಷ್ಟು ಪಾರದರ್ಶಕವಾಗಿರಬೇಕು ಎಂಬುದನ್ನು ಕಣ್ಣಳತೆಗೆ ಬಿಡಬೇಕಿಲ್ಲ, ಲೆಕ್ಕ ಹಾಕಬಹುದು. ಜಾಲತಾಣಗಳ ಸುಲಭಲಭ್ಯತೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಹೊಳಪಿನ ಅಂತರ ಕೇಳುತ್ತದೆ. ಕ್ಯಾಪ್ಷನ್‌ಗೂ ಅದು ಒಳ್ಳೆಯ ಅಳತೆಗೋಲು. ಅತಿ ಕೆಟ್ಟ ಸಂದರ್ಭವೆಂದರೆ ಪಟ್ಟಿಯ ಹಿಂದೆ ಅಚ್ಚ ಬಿಳಿಯ ದೃಶ್ಯ ಬರುವುದು. ಆಗ 50% ಕಪ್ಪು ಪಟ್ಟಿಯು `#808080` ಎಂಬ ಬೂದುಬಣ್ಣವಾಗಿ ಕಾಣುತ್ತದೆ. ಅದರ ಮೇಲೆ ಬಿಳಿ ಅಕ್ಷರದ ಅಂತರ 4:1ರ ಆಸುಪಾಸಿನಲ್ಲಿ ನಿಂತು ಪರೀಕ್ಷೆಯಲ್ಲಿ ಸೋಲುತ್ತದೆ. ಪಟ್ಟಿಯನ್ನು 65%ಕ್ಕೆ ಏರಿಸಿದರೆ ಅದೇ ಜಾಗ `#595959` ಆಗುತ್ತದೆ. ಬಿಳಿ ಅಕ್ಷರಕ್ಕೆ 7:1 ಅಂತರ ದೊರೆಯುತ್ತದೆ, ನಮ್ಮ ಹಳದಿಗೂ ಸುಮಾರು 5:1 ಉಳಿಯುತ್ತದೆ. ಹಾಗಾಗಿ 65% ಎಂದು ನಿಗದಿಪಡಿಸಿದರೆ, ಕಂತಿನ ದೃಶ್ಯ ಬಿಸಿಲಿನಲ್ಲಿ ತೆಗೆದದ್ದಾದರೂ ಕತ್ತಲ ಕೋಣೆಯದಾದರೂ ಪಟ್ಟಿಯನ್ನು ಮತ್ತೆ ಮುಟ್ಟಬೇಕಾಗುವುದಿಲ್ಲ. ಪಟ್ಟಿ ಇಲ್ಲದೆ ಬರಿಯ ಔಟ್‌ಲೈನ್ ಹಾಕುವುದು ನೋಡಲು ಹಗುರವೆನಿಸಬಹುದು, ಆದರೆ ಒತ್ತಕ್ಷರಗಳು ಚಿಕ್ಕದಾಗಿರುವುದರಿಂದ ದಪ್ಪ ಔಟ್‌ಲೈನ್ ಅವುಗಳನ್ನು ನುಂಗುತ್ತದೆ. ಕನ್ನಡಕ್ಕೆ ಪಟ್ಟಿಯೇ ಮೇಲು.

ಇನ್ನು ಸ್ಥಾನ ಮತ್ತು ಗಾತ್ರ. ಇಲ್ಲಿ ಮೊಬೈಲ್ ಎಡಿಟರುಗಳ ದೊಡ್ಡ ಕೊರತೆ ಕಾಣುತ್ತದೆ: ಲೇಯರಿನ ಸ್ಥಾನವನ್ನು ಅಂಕಿಗಳಲ್ಲಿ ಬರೆದು ಕೊಡಲು ಹಲವು ಎಡಿಟರುಗಳು ಬಿಡುವುದಿಲ್ಲ, ಅಕ್ಷರದ ಗಾತ್ರದ ಸ್ಲೈಡರಿನಲ್ಲಿರುವ ಅಂಕಿಯೂ ಪಿಕ್ಸೆಲ್ ಅಲ್ಲ, ಆಯಾ ಆ್ಯಪಿನ ಸ್ವಂತ ಅಳತೆ. ಇದಕ್ಕೆ ಸರಳ ಪರಿಹಾರವೆಂದರೆ ಒಂದು ಗೆರೆಪಟ. ಚಿತ್ರ ಬಿಡಿಸುವ ಯಾವುದೇ ಆ್ಯಪಿನಲ್ಲಿ ಹಿನ್ನೆಲೆಯಿಲ್ಲದ 1080×1920 ಪಿಎನ್‌ಜಿ ಮಾಡಿಕೊಂಡು, ಎಡಬಲಗಳಲ್ಲಿ ಅಂಚಿನಿಂದ 120 ಪಿಕ್ಸೆಲ್ ಬಿಟ್ಟು ಎರಡು ನೇರ ಗೆರೆಗಳನ್ನೂ, ಮೇಲಿನಿಂದ 1340 ಪಿಕ್ಸೆಲ್ ದೂರದಲ್ಲಿ ಒಂದು ಅಡ್ಡಗೆರೆಯನ್ನೂ ಎಳೆಯಿರಿ. ಕಿರುವೀಡಿಯೊ ಆ್ಯಪುಗಳಲ್ಲಿ ಪರದೆಯ ಕೆಳಭಾಗವನ್ನು ಖಾತೆಯ ಹೆಸರೂ ವಿವರಣೆಯೂ, ಬಲಬದಿಯನ್ನು ಗುಂಡಿಗಳೂ ಮುಚ್ಚುತ್ತವೆ. ಅಡ್ಡಗೆರೆಯ ಕೆಳಗೆ ಉಳಿಯುವ 580 ಪಿಕ್ಸೆಲ್ ಜಾಗ ಅದಕ್ಕಾಗಿ. ಈ ಚಿತ್ರವನ್ನು ಮೂಲ ಪ್ರಾಜೆಕ್ಟಿನ ಎಲ್ಲಕ್ಕಿಂತ ಮೇಲಿನ ಲೇಯರಾಗಿ, ಪರದೆಗೆ ಸರಿಯಾಗಿ ಹೊಂದುವಂತೆ ಕೂರಿಸಿ, ಕ್ಯಾಪ್ಷನ್ ಪಟ್ಟಿಯ ತಳವು ಅಡ್ಡಗೆರೆಯನ್ನು ಮುಟ್ಟುವಂತೆ ಹೊಂದಿಸಿಕೊಳ್ಳಬೇಕು. ಗೆರೆಗಳಿಗೆ ಕೆಂಪೋ ನೇರಳೆಯೋ ಕಣ್ಣಿಗೆ ಹೊಡೆಯುವ ಬಣ್ಣವಿರಲಿ: ಎಕ್ಸ್‌ಪೋರ್ಟ್‌ಗೆ ಮೊದಲು ಆ ಲೇಯರನ್ನು ಅಳಿಸಲು ಅದೇ ನೆನಪು ಮಾಡುತ್ತದೆ.

ಓಡುವ ಸಾಲಿನ ಮಾದರಿಯನ್ನು ಒಂದಲ್ಲ, ಎರಡು ಮಾಡಿಡಬೇಕು: ಒಂದು ಸಾಲಿನದು, ಎರಡು ಸಾಲಿನದು. ಕಾರಣವಿಷ್ಟೆ. ಬಹಳಷ್ಟು ಮೊಬೈಲ್ ಎಡಿಟರುಗಳಲ್ಲಿ ಪಠ್ಯದ ಲೇಯರ್ ತನ್ನ ನಡುಬಿಂದುವಿನಿಂದ ಬೆಳೆಯುತ್ತದೆ. ಒಂದು ಸಾಲಿನ ಮಾತು ಎರಡು ಸಾಲಾದಾಗ ಪಟ್ಟಿ ಅರ್ಧ ಮೇಲಕ್ಕೂ ಅರ್ಧ ಕೆಳಕ್ಕೂ ಹರಡುತ್ತದೆ. ಆದ್ದರಿಂದ ಒಂದೇ ಮಾದರಿಯನ್ನು ಎಲ್ಲಕ್ಕೂ ಬಳಸಿದರೆ ಪಟ್ಟಿಯ ತಳ ಮಾತುಮಾತಿಗೆ ಏರಿಳಿಯುತ್ತದೆ. ಎರಡೂ ಮಾದರಿಗಳ ತಳವನ್ನು ಅದೇ ಅಡ್ಡಗೆರೆಗೆ ಹೊಂದಿಸಿಟ್ಟರೆ ಈ ಕುಣಿತ ನಿಲ್ಲುತ್ತದೆ. ಮೂರು ಸಾಲಿನ ಮಾದರಿ ಬೇಡ. ಮಾತು ಅಷ್ಟು ಉದ್ದವಾದರೆ ಅದನ್ನು ಎರಡು ಕ್ಯಾಪ್ಷನ್‌ಗಳಾಗಿ ಒಡೆಯುವುದೇ ಸರಿ.

ಎರಡು ಸಾಲಿನ ಮಾದರಿಯಲ್ಲಿ ಸಾಲುಗಳ ನಡುವಿನ ಅಂತರವನ್ನು ಹೊಂದಿಸುವಾಗ ಮೇಲಿನ ಸಾಲಿನಲ್ಲಿ "ರಾಷ್ಟ್ರ", ಕೆಳಗಿನ ಸಾಲಿನಲ್ಲಿ "ಕಿರಿದಾದ ಕೀಲಿ" ಎಂಬಂತಹ ಪದಗಳನ್ನು ಬರೆದುಕೊಳ್ಳಿ. ಮೇಲಿನ ಇಮ್ಮಡಿ ಒತ್ತು ಕೆಳಗಿನ ಗುಡಿಸಿಗೆ ತಾಗದಷ್ಟು ಅಂತರವಿದ್ದರೆ ಬೇರೆ ಯಾವ ಪದಗಳಿಗೂ ತೊಂದರೆಯಾಗದು. ಅಕ್ಷರಗಳ ನಡುವಿನ ಅಂತರ ಮಾತ್ರ ಸೊನ್ನೆಯಲ್ಲೇ ಇರಲಿ. ಅದನ್ನು ಹೆಚ್ಚಿಸಿದರೆ ಕೆಲವು ಎಡಿಟರುಗಳಲ್ಲಿ ಒತ್ತುಗಳು ತಮ್ಮ ಅಕ್ಷರದಿಂದ ಕಳಚಿಕೊಳ್ಳುತ್ತವೆ. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಚಲನೆಗೂ ಇದೇ ರೋಗ: "ಸ್ತ್ರೀ" ಎಂಬುದು "ಸ", "ಸ್", "ಸ್ತ" ಎಂದು ಮಿನುಗುತ್ತ ರೂಪ ಬದಲಿಸುತ್ತದೆ. ಪದಪದವಾಗಿ ಮೂಡುವ ಚಲನೆ, ಇಲ್ಲವೇ ಚಲನೆಯೇ ಇಲ್ಲದಿರುವುದು ಕನ್ನಡಕ್ಕೆ ಕ್ಷೇಮ.

ಹೀಗೆ ಸಿದ್ಧವಾದ ಪ್ರಾಜೆಕ್ಟಿಗೆ "00 ಮೂಲ, ಮುಟ್ಟಬೇಡಿ" ಎಂಬಂತಹ ಹೆಸರಿಟ್ಟು, ಪ್ರತಿ ಕಂತಿಗೂ ಮೊದಲು ನಕಲು ತೆಗೆದು, ಆ ನಕಲಿನಲ್ಲಿ ಕೆಲಸ ಮಾಡಬೇಕು. ಕಂತಿನೊಳಗೆ ಹೊಸ ಕ್ಯಾಪ್ಷನ್ ಬೇಕಾದಾಗ ಖಾಲಿ ಪಠ್ಯ ಸೇರಿಸದೆ, ಮಾದರಿಯ ಲೇಯರನ್ನೇ ನಕಲು ಮಾಡಿ ಮಾತನ್ನು ಮಾತ್ರ ಬದಲಿಸಬೇಕು. ಈ ವಿಧಾನದ ಕಿರಿಕಿರಿಯೂ ಇಲ್ಲೇ ಇದೆ: ಅರವತ್ತು ಕ್ಯಾಪ್ಷನ್‌ಗಳ ಕಂತಿನಲ್ಲಿ ಅರವತ್ತು ಸಲ ನಕಲು ಮಾಡಿ ಜಾಗಕ್ಕೆ ಜರುಗಿಸಬೇಕಾಗುತ್ತದೆ.

ತಾನಾಗಿ ಕ್ಯಾಪ್ಷನ್ ಬರೆಯುವ ಎಡಿಟರಿದ್ದರೆ

ಮಾತನ್ನು ಕೇಳಿ ತಾನೇ ಕ್ಯಾಪ್ಷನ್ ಬರೆಯುವ, ಅಥವಾ ಎಸ್‌ಆರ್‌ಟಿ ಫೈಲನ್ನು ಒಳತರುವ ಸೌಲಭ್ಯವಿದ್ದರೆ ಆ ಕಿರಿಕಿರಿ ಬಹಳಷ್ಟು ತಪ್ಪುತ್ತದೆ. ಆದರೆ ಎಸ್‌ಆರ್‌ಟಿ ಫೈಲಿನಲ್ಲಿರುವುದು ಕ್ರಮಸಂಖ್ಯೆ, ಸಮಯ ಮತ್ತು ಮಾತು ಮಾತ್ರ:

```
1
00:00:01,000 --> 00:00:03,500
ಚೈನನ್ನು ಮೊದಲು ಒರೆಸಿಕೊಳ್ಳಿ
```

ಫಾಂಟೂ ಬಣ್ಣವೂ ಸ್ಥಾನವೂ ಇದರಲ್ಲಿಲ್ಲ, ಹಾಗಾಗಿ ಇದು ಟೆಂಪ್ಲೇಟ್ ಆಗಲಾರದು. ಒಳತಂದ ಸಾಲುಗಳು ಎಡಿಟರಿನ ಸ್ವಂತ ರೂಪದಲ್ಲಿ ಬರುತ್ತವೆ. ಆಗ ಒಂದು ಸಾಲಿಗೆ ಪ್ರಿಸೆಟ್ ಹಾಕಿ, ಗೆರೆಪಟಕ್ಕೆ ಹೊಂದಿಸಿ, "ಎಲ್ಲಕ್ಕೂ ಅನ್ವಯಿಸು" ಎಂಬ ಆಯ್ಕೆ ಬಳಸಬೇಕು. ಇಲ್ಲಿ ಕ್ರಮ ಮುಖ್ಯ: ಹಳದಿಯಲ್ಲಿ ತೋರಿಸಬೇಕಾದ ಪದಗಳನ್ನು ಈ ಆಯ್ಕೆಯ ನಂತರವೇ ಗುರುತಿಸಬೇಕು, ಏಕೆಂದರೆ ಅದು ಸಾಲಿನ ಒಳಗಿನ ಬೇರೆ ಬಣ್ಣಗಳನ್ನೂ ಅಳಿಸಿಹಾಕಬಹುದು. ಅಂದರೆ ಉದ್ದದ, ಮಾತು ತುಂಬಿದ ವೀಡಿಯೊಗಳಿಗೆ ಪ್ರಿಸೆಟ್ ಮತ್ತು ಮೂಲ ಪ್ರಾಜೆಕ್ಟ್ ಎರಡೂ ಕೂಡಿ ಬೇಕಾಗುತ್ತವೆ; ಹತ್ತಿಪ್ಪತ್ತು ಸಾಲುಗಳ ಕಿರುವೀಡಿಯೊಗೆ ಮೂಲ ಪ್ರಾಜೆಕ್ಟ್ ಒಂದೇ ಸಾಕು.

ಪಿಎನ್‌ಜಿ: ಎಲ್ಲಿ ಅನಿವಾರ್ಯ, ಎಲ್ಲಿ ಹೊರೆ

ಎಡಿಟರ್ ಕನ್ನಡವನ್ನು ಸರಿಯಾಗಿ ಜೋಡಿಸದಿದ್ದರೆ, ಮತ್ತು ಎಡಿಟರ್ ಬದಲಿಸಲು ಸಾಧ್ಯವಿಲ್ಲದಿದ್ದರೆ, ಪಿಎನ್‌ಜಿ ಒಂದೇ ದಾರಿ. ಅಕ್ಷರ ಆಗಲೇ ಚಿತ್ರವಾಗಿರುವುದರಿಂದ ಯಾವ ಫೋನಿನಲ್ಲೂ ಅದರ ರೂಪ ಬದಲಾಗದು. ಆದರೆ ಒಂದು ಅಕ್ಷರ ತಪ್ಪಿದರೂ ಚಿತ್ರವನ್ನೇ ಹೊಸದಾಗಿ ಮಾಡಬೇಕು. ಓಡುವ ಸಾಲುಗಳಿಗೆ ಇದನ್ನು ಬಳಸುವುದು ವ್ಯರ್ಥ ಶ್ರಮ. ಕಂತಿನಿಂದ ಕಂತಿಗೆ ಬದಲಾಗದ ಸರಣಿಯ ಹೆಸರು, ಮಾತನಾಡುವವರ ಹೆಸರಿನ ಪಟ್ಟಿ, ಹಂತದ ಶೀರ್ಷಿಕೆಯ ಹಿಂದಿನ ಅಲಂಕಾರ ಇವುಗಳಿಗಷ್ಟೇ ಅದು ತಕ್ಕದ್ದು. ಬಳಸುವಾಗ ಚಿತ್ರವನ್ನು ಚೌಕಟ್ಟಿನ ನಿಜ ಅಳತೆಯಲ್ಲೇ ಮಾಡಬೇಕು, ಚಿಕ್ಕದನ್ನು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸುವಾಗ ಸಂದೇಶದ ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಜೆಪಿಜಿಯಾಗಿ ಬದಲಾಗಿ, ಪಾರದರ್ಶಕ ಜಾಗಕ್ಕೆ ಬಣ್ಣ ತುಂಬಿಕೊಳ್ಳುವ ಸಂಭವವಿದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗದು.

ಉಳಿಸಿಡುವುದು ಮತ್ತು ಬದಲಿಸುವುದು

ಯಾವ ದಾರಿ ಹಿಡಿದರೂ ಟೆಂಪ್ಲೇಟಿನ ಒಂದು ಪ್ರತಿ ಎಡಿಟರಿನ ಹೊರಗಿರಬೇಕು. ಕೈನ್‌ಮಾಸ್ಟರಿನಂತಹ ಕೆಲವು ಎಡಿಟರುಗಳು ಪ್ರಾಜೆಕ್ಟನ್ನು `.kine` ಫೈಲಾಗಿ ಹೊರತೆಗೆಯಲು ಬಿಡುತ್ತವೆ. ಅಂಥ ಸೌಲಭ್ಯವಿದ್ದರೆ ಮೂಲ ಪ್ರಾಜೆಕ್ಟನ್ನು ಹೊರತೆಗೆದು ಬೇರೆಡೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಫಾಂಟ್ ಫೈಲುಗಳು, ಗೆರೆಪಟ, ಮೂರು ಬಣ್ಣಗಳ ಸಂಕೇತ, ಪಟ್ಟಿಯ 65%, ಗಾತ್ರದ ಸ್ಲೈಡರಿನ ಅಂಕಿ ಇವುಗಳನ್ನು ಬರೆದ ಟಿಪ್ಪಣಿ, ಜೊತೆಗೆ ಒಂದು ಸಾಲಿನ ಮತ್ತು ಎರಡು ಸಾಲಿನ ಕ್ಯಾಪ್ಷನ್ ಇರುವ ಫ್ರೇಮಿನ ಚಿತ್ರಗಳನ್ನು ಇಟ್ಟುಕೊಂಡರೆ, ಎಡಿಟರನ್ನೇ ಬದಲಿಸಿದರೂ ಅರ್ಧ ಗಂಟೆಯೊಳಗೆ ಅದೇ ರೂಪವನ್ನು ಮತ್ತೆ ಕಟ್ಟಬಹುದು. ಹೊಸ ಎಡಿಟರಿನಲ್ಲಿ ಸ್ಲೈಡರಿನ ಅಂಕಿ ಹೊಂದುವುದಿಲ್ಲವಾದ್ದರಿಂದ, ಹಳೆಯ ಫ್ರೇಮಿನ ಚಿತ್ರವನ್ನು ಅರೆ ಪಾರದರ್ಶಕವಾಗಿ ಮೇಲೆ ಹಾಸಿ, ಹೊಸ ಅಕ್ಷರ ಅದರ ಮೇಲೆ ಸರಿಯಾಗಿ ಕೂರುವವರೆಗೆ ಗಾತ್ರವನ್ನು ಹೊಂದಿಸಿಕೊಳ್ಳಬೇಕು.

ಟೆಂಪ್ಲೇಟಿನಲ್ಲಿ ಏನಾದರೂ ಬದಲಿಸಬೇಕೆನಿಸಿದಾಗ ನಡೆಯುತ್ತಿರುವ ಕಂತಿನಲ್ಲಿ ಅದನ್ನು ಮಾಡಬಾರದು. ಮೂಲ ಪ್ರಾಜೆಕ್ಟಿನ ನಕಲು ತೆಗೆದು, ಅದರಲ್ಲಿ ಬದಲಿಸಿ, "00 ಮೂಲ 2" ಎಂದು ಹೆಸರಿಟ್ಟು, ಮುಂದಿನ ಕಂತಿನಿಂದ ಅದನ್ನು ಬಳಸಬೇಕು. ಹಳೆಯ ಮೂಲವನ್ನೂ ಉಳಿಸಿಕೊಂಡಿರಬೇಕು, ಏಕೆಂದರೆ ಹಿಂದಿನ ಕಂತೊಂದರಲ್ಲಿ ತಪ್ಪು ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡುವ ಸಂದರ್ಭ ಬಂದರೆ, ಆ ಕಂತಿಗೆ ಹೊಂದುವುದು ಅದೇ.